ಯಾವ ನಿನ್ನೆ?

1957ರ ಮಾರ್ಚ್ ಸುಮಾರಿಗೆ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಕಾಡಿಗೆ ಸೌದೆ, ಸೊಪ್ಪಿಗೆಂದು ಹೋಗಿಬಂದ ಜನರಿಗೂ ಜೋರು ಜ್ವರ, ತಲೆನೋವು, ಮೈಕೈ ನೋವು. ಮಂಗಗಳು ಹೀಗೆ ಸಾಯುವುದು ದಕ್ಷಿಣ ಅಮೆರಿಕದಲ್ಲಿ ಹಳದಿ ಜ್ವರದ ಮುನ್ಸೂಚನೆ. ಆ ರೋಗ ಭಾರತಕ್ಕೂ ಬಂತೇ ಎಂಬ ಭಯದಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಮಲೆನಾಡಿಗೆ ಧಾವಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಕಟ್ಟಿದ್ದ ಆ ಕೇಂದ್ರಕ್ಕೆ ಆಗಿನ್ನೂ ಐದು ವರ್ಷ. ಇಂದು ಅದು ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ. ಜ್ವರ ಹಳದಿ ಜ್ವರವಾಗಿರಲಿಲ್ಲ. ಉಣ್ಣೆಗಳಿಂದ ಹರಡುವ, ಅದುವರೆಗೆ ಯಾರೂ ಕಂಡಿರದ ಒಂದು ವೈರಸ್ ಅದಕ್ಕೆ ಕಾರಣವಾಗಿತ್ತು. ನಮ್ಮವರು ಅದನ್ನು ಮಂಗನ ಕಾಯಿಲೆ ಎಂದು ಕರೆದರು. ವಿಜ್ಞಾನದ ಪುಸ್ತಕಗಳಲ್ಲಿ ಅದು ಕ್ಯಾಸನೂರು ಕಾಡಿನ ಕಾಯಿಲೆ ಆಯಿತು.

ಆ ವರ್ಷ ರೋಗಿಯೊಬ್ಬರ ರಕ್ತದಿಂದ ಬೇರ್ಪಡಿಸಿದ ವೈರಸ್ ತಳಿಯೊಂದಕ್ಕೆ P9605 ಎಂಬ ಗುರುತು ಇದೆ. ಈ ವೈರಸ್ಸಿನ ಬಗ್ಗೆ ಯಾರೇ ಕೆಲಸ ಮಾಡಲಿ, ತಮ್ಮ ತಳಿಯನ್ನು ಹೋಲಿಸಿ ನೋಡುವುದು ಇದರೊಡನೆ. ಜೀನ್‌ಗಳ ದತ್ತಕೋಶದಲ್ಲಿ ಹುಡುಕಿದರೂ ಇದೇ ಅಕ್ಷರ, ಇದೇ ಅಂಕಿ ಪರದೆಯ ಮೇಲೆ ಬರುತ್ತದೆ. ಅರವತ್ತೈದು ವರ್ಷ ದಾಟಿದರೂ ಅದಕ್ಕೆ ಬೇರೆ ಹೆಸರು ಬೇಕಾಗಿಲ್ಲ.

ಇಂಥ ಸಂಖ್ಯೆಯ ಬೆಲೆ ಗೊತ್ತಾಗುವುದು ಅದರ ಹಿಂದೆ ರಿಜಿಸ್ಟರಿನ ಒಂದು ಸಾಲು ಇದ್ದಾಗ. ರಕ್ತ ಯಾರದು, ಯಾವ ಊರು, ಯಾವತ್ತು ತೆಗೆದದ್ದು, ಅವರಿಗೆ ಜ್ವರ ಶುರುವಾದದ್ದು ಯಾವತ್ತು. ಈ ಕೊನೆಯ ತಾರೀಕು ಹೊರಗಿನವರಿಗೆ ಸಣ್ಣ ವಿಷಯವಾಗಿ ಕಾಣಬಹುದು. ವೈರಸ್ ರಕ್ತದಲ್ಲಿ ಸಿಗುವುದು ಜ್ವರದ ಮೊದಲ ದಿನಗಳಲ್ಲಿ. ಆಮೇಲೆ ವೈರಸ್ ಮರೆಯಾಗಿ ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು ಸಿಗುತ್ತವೆ. ಶೀಷೆಯ ಮೇಲೆ ರಕ್ತ ತೆಗೆದ ದಿನ ಮಾತ್ರ ಇದ್ದು, ಜ್ವರ ಬಂದ ದಿನ ಎಲ್ಲೂ ಇಲ್ಲದಿದ್ದರೆ 'ವೈರಸ್ ಸಿಗಲಿಲ್ಲ' ಎಂಬ ಫಲಿತಾಂಶಕ್ಕೆ ಅರ್ಥವೇ ಇರುವುದಿಲ್ಲ. ರೋಗ ಇಲ್ಲವೆಂದೂ ಆಗಬಹುದು, ನಾವು ತಡವಾಗಿ ಹೋದೆವೆಂದೂ ಆಗಬಹುದು. ಎರಡರಲ್ಲಿ ಯಾವುದು ಎಂದು ಹೇಳುವ ಶಕ್ತಿ ಯಾವ ಉಪಕರಣಕ್ಕೂ ಇಲ್ಲ, ಆ ಒಂದು ತಾರೀಕಿಗೆ ಇದೆ.

ಇದನ್ನು ನಾನು ಕಲಿತದ್ದು ಇಷ್ಟು ದೊಡ್ಡ ಕೆಲಸದಲ್ಲಲ್ಲ. ಪುಣೆಯಲ್ಲಿ ಎಂ.ಎಸ್ಸಿ. ಓದುವಾಗ ನನ್ನ ಪ್ರಾಜೆಕ್ಟು ಮುಠಾ ನದಿಯ ನೀರಿನಲ್ಲಿ ಫಾಸ್ಫೇಟ್ ಅಳೆಯುವುದು. ಖಡಕವಾಸ್ಲಾ ಅಣೆಕಟ್ಟಿನಿಂದ ತಿಳಿಯಾಗಿ ಹೊರಡುವ ನದಿ ವಿಠ್ಠಲವಾಡಿ ದಾಟಿ, ಊರಿನ ಕೊಳೆಯನ್ನೆಲ್ಲ ಹೊತ್ತು, ಸಂಗಮದಲ್ಲಿ ಮುಳಾ ನದಿಯನ್ನು ಕೂಡುವಷ್ಟರಲ್ಲಿ ಎಷ್ಟು ಬದಲಾಗುತ್ತದೆ ಎಂದು ನೋಡುವುದು. ಸಾಬೂನು ಪುಡಿ, ಮಲಮೂತ್ರ, ಹೊಲದ ಗೊಬ್ಬರ ಎಲ್ಲದರಲ್ಲೂ ರಂಜಕವಿದೆ. ಅದು ಹೆಚ್ಚಾದಷ್ಟೂ ನೀರಿನಲ್ಲಿ ಪಾಚಿ, ಅಂತರಗಂಗೆ ಹುಲುಸಾಗಿ ಬೆಳೆಯುತ್ತವೆ.

ನೋಟ್‌ಬುಕ್ ಇಟ್ಟಿದ್ದೆ. ಅಕ್ಷರ ಚೆನ್ನಾಗಿತ್ತು, ತಾರೀಕೂ ಇತ್ತು. ಜನವರಿಯಲ್ಲಿ ಒಂದು ವಾರ ದಿನಾ ಬೆಳಿಗ್ಗೆ ನೀರು ತಂದು ಅಳೆದೆ. ಮೊದಲ ದಿನ ವಿಧಾನವನ್ನು ಒಂದೂವರೆ ಪುಟ ಬರೆದು, ಉಳಿದ ಐದು ದಿನ ಪ್ರತಿ ಪುಟದ ತುದಿಯಲ್ಲೂ 'ನಿನ್ನೆಯಂತೆಯೇ' ಎಂದು ಬರೆದು, ಕೆಳಗೆ ರೀಡಿಂಗ್ ಇಳಿಸಿದ್ದೆ. ಏಪ್ರಿಲ್‌ನಲ್ಲಿ ವರದಿ ಬರೆಯಲು ಕೂತೆ. ನಮ್ಮ ಲ್ಯಾಬಿನಲ್ಲಿ ಬೆಳಗಾವಿ ಕಡೆಯ ಹಿರಿಯ ಟೆಕ್ನಿಷಿಯನ್ ಒಬ್ಬರಿದ್ದರು. ಅವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದೆವು. ನನ್ನ ಹಿಂದೆ ನಿಂತು ಪುಟ ನೋಡಿದವರು ಕೇಳಿದರು: "ಯಾವ ನಿನ್ನೀ ತಮ್ಮಾ ಇದು?"

ಮೊದಲ ದಿನದ ಪುಟ ತೆಗೆದು ತೋರಿಸಲು ಹೋದೆ. ಆ ದಿನ ನಾನು ಎರಡು ರೀತಿ ಮಾಡಿದ್ದೆ. ನೀರನ್ನು ಸೋಸದೆ ಒಂದು ಸಲ, 0.45 ಮೈಕ್ರಾನ್ ರಂಧ್ರದ ಫಿಲ್ಟರ್‌ನಲ್ಲಿ ಸೋಸಿ ಇನ್ನೊಂದು ಸಲ. ಸೋಸಿದರೆ ಅಳತೆಗೆ ಸಿಗುವುದು ನೀರಿನಲ್ಲಿ ಕರಗಿದ ಫಾಸ್ಫೇಟ್ ಮಾತ್ರ. ಸೋಸದಿದ್ದರೆ ಕೆಸರಿನ ಕಣಗಳಿಗೆ ಅಂಟಿದ್ದರಲ್ಲೂ ಒಂದಷ್ಟು ಬಿಟ್ಟುಕೊಂಡು ಸೇರುತ್ತದೆ, ಕಣಗಳ ಮಬ್ಬು ಬೆಳಕನ್ನೂ ತಡೆಯುತ್ತದೆ. ಹಾಗಾಗಿ ಈ ಎರಡು ಬೇರೆ ಬೇರೆ ಪರಿಮಾಣಗಳು, ಒಂದರ ಪಕ್ಕ ಒಂದಿಟ್ಟು ಹೋಲಿಸುವಂತಿಲ್ಲ. ಮುಂದಿನ ಐದು ದಿನ ನಾನು ಯಾವುದನ್ನು ಮಾಡಿದ್ದೆ? ಸೋಸಿದ್ದೇ ಇರಬೇಕು ಅನ್ನಿಸಿತು. ಮೂರನೆಯ ದಿನ ಫಿಲ್ಟರ್ ಪೊಟ್ಟಣ ಖಾಲಿಯಾಗಿದ್ದ ನೆನಪೂ ಇತ್ತು. ಎಷ್ಟು ಯೋಚಿಸಿದರೂ ನೆನಪು ಎರಡೂ ಕಡೆ ಸಾಕ್ಷಿ ಹೇಳುತ್ತಿತ್ತು. ಮತ್ತೆ ಅಳೆಯೋಣವೆಂದರೆ ಜನವರಿಯ ನೀರು ಉಜನಿ ಜಲಾಶಯದ ಕಡೆ ಹರಿದುಹೋಗಿ ಮೂರು ತಿಂಗಳಾಗಿತ್ತು. ಐದು ದಿನದ ಕೆಲಸವನ್ನು ವರದಿಯಿಂದ ಕೈಬಿಟ್ಟೆ.

ತಪ್ಪು ಎಲ್ಲಿ ಆಯಿತು ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಆ ಪುಟಗಳನ್ನು ನಾನು ಜನವರಿಯ ನನಗಾಗಿ ಬರೆದಿದ್ದೆ. ಅವನಿಗೆ ಎಲ್ಲ ಗೊತ್ತಿತ್ತು, ಹೇಳುವ ಅಗತ್ಯವಿರಲಿಲ್ಲ. ಓದಬೇಕಾಗಿದ್ದವನು ಏಪ್ರಿಲ್‌ನವನು, ಅವನಿಗೆ ಏನೂ ಗೊತ್ತಿರಲಿಲ್ಲ. 'ನಿನ್ನೆಯಂತೆ' ಎಂದು ಬರೆಯುವುದು ತಪ್ಪಲ್ಲ, ಅಷ್ಟುದ್ದದ ವಿಧಾನವನ್ನು ದಿನಾ ನಕಲು ಮಾಡಲು ಯಾರಿಗೂ ಆಗದು. 'ಪುಟ 34ರ ಎರಡನೆಯ ವಿಧಾನದಂತೆ, ಸೋಸಿ; ಒಂದೇ ಬದಲಾವಣೆ, ಫಿಲ್ಟರ್ ಹೊಸ ಪೊಟ್ಟಣದ್ದು' ಎಂದಿದ್ದರೆ ಸಾಕಿತ್ತು. ಹದಿನೈದು ಸೆಕೆಂಡಿನ ಕೆಲಸ.

ಈಗ ಅದೇ ಅಳತೆಯನ್ನು ಸರಿಯಾಗಿ ಮಾಡೋಣ. ಕೆಳಗಿನ ಅಂಕಿಗಳು ಲೆಕ್ಕ ತೋರಿಸಲು ನಾನು ಇಟ್ಟುಕೊಂಡವು, ಇಂದಿನ ನದಿಯ ಸ್ಥಿತಿ ಎಂದು ಯಾರೂ ತೆಗೆದುಕೊಳ್ಳಬಾರದು. ವಿಧಾನ ಮಾತ್ರ ನೀರಿನ ಪ್ರಯೋಗಾಲಯಗಳಲ್ಲಿ ದಿನನಿತ್ಯ ನಡೆಯುವಂಥದೇ.

ಫಾಸ್ಫೇಟ್ ಇರುವ ನೀರಿಗೆ ಅಮೋನಿಯಂ ಮಾಲಿಬ್ಡೇಟ್, ಗಂಧಕಾಮ್ಲ, ಸ್ವಲ್ಪ ಆಂಟಿಮನಿ ಲವಣ ಮತ್ತು ಆಸ್ಕಾರ್ಬಿಕ್ ಆಮ್ಲ, ಅಂದರೆ ವಿಟಮಿನ್ ಸಿ, ಬೆರೆಸಿದರೆ ನೀಲಿ ಬಣ್ಣ ಬರುತ್ತದೆ. ಫಾಸ್ಫೇಟ್ ಹೆಚ್ಚಿದ್ದಷ್ಟೂ ನೀಲಿ ಗಾಢ. ಆ ಗಾಢತೆಯನ್ನು ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 880 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ. ಎಷ್ಟು ನೀಲಿಗೆ ಎಷ್ಟು ಫಾಸ್ಫೇಟ್ ಎಂದು ತಿಳಿಯಲು, ಪ್ರಮಾಣ ಗೊತ್ತಿರುವ ದ್ರಾವಣಗಳನ್ನು ಮೊದಲು ಓದಿ ಒಂದು ರೇಖೆ ಎಳೆದುಕೊಳ್ಳಬೇಕು. ಇವನ್ನು ಸ್ಟ್ಯಾಂಡರ್ಡ್ ಎನ್ನುತ್ತೇವೆ. ಏನೂ ಇಲ್ಲದ ಡಿಸ್ಟಿಲ್ಡ್ ವಾಟರ್‌ಗೂ ಇದೇ ಕಾರಕ ಹಾಕಿ ಓದಬೇಕು. ಅದು ಬ್ಲ್ಯಾಂಕ್.

ಮೊದಲ ಕೆಲಸ ತೂಕ. ಲೀಟರಿಗೆ 50 ಮಿಲಿಗ್ರಾಂ ರಂಜಕವಿರುವ ಸ್ಟಾಕ್ ದ್ರಾವಣಕ್ಕೆ 0.2195 ಗ್ರಾಂ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ ಬೇಕು ಎಂದು ವಿಧಾನದ ಪುಸ್ತಕ ಹೇಳುತ್ತದೆ. ವಿದ್ಯಾರ್ಥಿಗಳ ನೋಟ್‌ಬುಕ್ಕುಗಳಲ್ಲಿ ನಾನು ಅತಿ ಹೆಚ್ಚು ಕಂಡಿರುವ ದೋಷ ಇಲ್ಲೇ. ನೂರಕ್ಕೆ ತೊಂಬತ್ತು ಜನ 0.2195 ಎಂದೇ ಬರೆದಿರುತ್ತಾರೆ. ಸ್ಪ್ಯಾಚುಲಾದಿಂದ ಪುಡಿ ಉದುರಿಸಿ ನಾಲ್ಕನೆಯ ದಶಮಾಂಶದವರೆಗೆ ಪುಸ್ತಕದ ಅಂಕಿಯನ್ನೇ ಹಿಡಿಯುವುದು ಯಾರಿಂದಲೂ ದಿನಾ ಸಾಧ್ಯವಿಲ್ಲ. ಅವರು ಬರೆದದ್ದು ತಕ್ಕಡಿ ತೋರಿಸಿದ್ದನ್ನಲ್ಲ, ಪುಸ್ತಕ ಕೇಳಿದ್ದನ್ನು. ತೂಗುವ ಬೋಟ್ ಖಾಲಿಯಿದ್ದಾಗ 1.8412, ಪುಡಿ ಸೇರಿ 2.0615 ಎಂದು ಎರಡೂ ಅಂಕಿ ಬರೆಯಿರಿ, ಕಳೆದ 0.2203ನ್ನೂ ಬರೆಯಿರಿ. ಆಗ ಸ್ಟಾಕ್ 50 ಅಲ್ಲ, 50.1 ಮಿಲಿಗ್ರಾಂ. ವ್ಯತ್ಯಾಸ ಅತ್ಯಲ್ಪ, ನಿಜ. ಕೈ ತಪ್ಪಿ 0.2303 ಆದ ದಿನ ಅತ್ಯಲ್ಪವಲ್ಲ. ಅಂಥ ದಿನ ಎರಡು ಮೂಲ ಅಂಕಿಗಳು ಪುಟದಲ್ಲಿದ್ದರೆ ಕಳೆಯುವ ಲೆಕ್ಕ ತಪ್ಪಿದೆಯೋ, ತೂಕವೇ ಹೆಚ್ಚಿತ್ತೋ ಎಂದು ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ವ್ಯತ್ಯಾಸವನ್ನು ಮಾತ್ರ ಬರೆದಿದ್ದರೆ ಎಂದಿಗೂ ಗೊತ್ತಾಗುವುದಿಲ್ಲ.

ಇನ್ನು ಸಂಗಮದ ನೀರು. ಆ ದಿನದ ಪುಟ ಹೀಗಿರಬೇಕು:

12 ಜನವರಿ 2023, ಗುರುವಾರ. ಪುಟ 41.
ಉದ್ದೇಶ: ಸಂಗಮದ ನೀರಿನಲ್ಲಿ ಕರಗಿದ ಫಾಸ್ಫೇಟ್ ಎಷ್ಟು. ವಿಧಾನ ಪುಟ 34, ಎರಡನೆಯದು.
7:15 — ಮಾದರಿ 41-1. ಸಂಗಮ, ಎಡದಂಡೆ. ನೀರು ಬೂದು, ಮೇಲೆ ನೊರೆ. ಐಸ್ ಡಬ್ಬಿಯಲ್ಲಿ ತಂದೆ.
9:10 — ಸೋಸಿದೆ, 0.45 ಮೈಕ್ರಾನ್.
10:40 — ಮಿಶ್ರ ಕಾರಕ ತಯಾರು, 100 ಮಿ.ಲೀ.
11:05 — ಬ್ಲ್ಯಾಂಕ್ ಮತ್ತು ಸ್ಟ್ಯಾಂಡರ್ಡ್‌ಗಳಿಗೆ ಕಾರಕ. 11:20ರಿಂದ 11:29ರವರೆಗೆ ಓದಿದೆ. ಬ್ಲ್ಯಾಂಕ್ 0.004. ರೇಖೆಯ ಏರು: ಲೀಟರಿಗೆ 1 ಮಿ.ಗ್ರಾಂ ರಂಜಕಕ್ಕೆ 0.607.
11:50 — 41-1ರಿಂದ 10 ಮಿ.ಲೀ. ಪಿಪೆಟ್ ಮಾಡಿ ಡಿಸ್ಟಿಲ್ಡ್ ವಾಟರ್ ಸೇರಿಸಿ ಒಟ್ಟು 50 ಮಿ.ಲೀ. ಮಾಡಿದೆ. ಎರಡು ಸಲ. ಕೋನಿಕಲ್ ಫ್ಲಾಸ್ಕ್ 3 ಮತ್ತು 7ಕ್ಕೆ ಸುರಿದು ತಲಾ 8 ಮಿ.ಲೀ. ಕಾರಕ.
ಫ್ಲಾಸ್ಕ್ 7 ಪಕ್ಕದ ಬೆಂಚಿನದು. ಆಮ್ಲದಲ್ಲಿ ತೊಳೆದಿಲ್ಲ, ಡಿಸ್ಟಿಲ್ಡ್ ವಾಟರ್‌ನಲ್ಲಿ ಜಾಲಿಸಿದೆ ಅಷ್ಟೆ.
12:06 — ಫ್ಲಾಸ್ಕ್ 3: 0.310. ಫ್ಲಾಸ್ಕ್ 7: 0.452.
ಒಂದೇ ನೀರು, ಇಷ್ಟು ಅಂತರ ಯಾಕೆ? ಫ್ಲಾಸ್ಕ್ 7 ಕಾರಣವೇ?

ಈ ಪುಟದಲ್ಲಿ ಗಡಿಯಾರ ಎಷ್ಟು ಸಲ ಬಂದಿದೆ ನೋಡಿ. ಅದಕ್ಕೆ ಕಾರಣವಿದೆ. ನೀಲಿ ಬಣ್ಣ ಪೂರ್ತಿ ಬರಲು ಕನಿಷ್ಠ 10 ನಿಮಿಷ ಬೇಕು, 30 ನಿಮಿಷ ಮೀರುವ ಮೊದಲು ಓದಿ ಮುಗಿಸಬೇಕು. ಮಿಶ್ರ ಕಾರಕದ ಆಯುಸ್ಸು 4 ಗಂಟೆ. ಅಂದರೆ 10:40ರ ಕಾರಕವನ್ನು 2:40ರ ನಂತರ ನಂಬುವಂತಿಲ್ಲ. ಊಟಕ್ಕೆ ಹೋಗಿ ಮೂರೂಕಾಲಕ್ಕೆ ಬಂದು ಉಳಿದ ಮಾದರಿಗಳನ್ನು ಓದಿದರೆ ಉಪಕರಣ ಅಂಕಿ ಕೊಟ್ಟೇ ಕೊಡುತ್ತದೆ, ಅದು ಹಳೆಯ ಕಾರಕದ ಅಂಕಿ ಎಂದು ಎಲ್ಲೂ ಹೇಳುವುದಿಲ್ಲ. ಪುಟದಲ್ಲಿ ಸಮಯವಿದ್ದರೆ ಮೂರು ತಿಂಗಳ ನಂತರವೂ ಆ ಅಂಕಿಗಳನ್ನು ಗುರುತಿಸಿ ಬೇರೆ ಇಡಬಹುದು. ಎಲ್ಲ ಪ್ರಯೋಗಕ್ಕೂ ನಿಮಿಷ ಲೆಕ್ಕ ಬೇಕಿಲ್ಲ. ಹರಳು ಕಟ್ಟಲು ರಾತ್ರಿಯಿಡೀ ಬಿಡುವ ಕೆಲಸಕ್ಕೆ 'ಸಂಜೆ 6ರಿಂದ ಬೆಳಿಗ್ಗೆ 9' ಸಾಕು. ನಿಮ್ಮ ವಿಧಾನದಲ್ಲಿ ಕಾಲಮಿತಿ ಎಲ್ಲಿದೆಯೋ ಅಲ್ಲಿ ಗಡಿಯಾರ ನೋಡಿ ಬರೆಯಿರಿ.

ಎರಡನೆಯದು, ತೆಳು ಮಾಡಿದ ಸಾಲು. ಹೆಚ್ಚಿನವರು ಇಲ್ಲಿ '1:5' ಎಂದು ಬರೆದು ಮುಂದೆ ಹೋಗುತ್ತಾರೆ. ಅದನ್ನು ಎರಡು ರೀತಿ ಓದಬಹುದು. ಒಂದು ಪಾಲು ಮಾದರಿ ಸೇರಿ ಒಟ್ಟು ಐದು ಪಾಲು ಎಂದೂ ಆಗುತ್ತದೆ, ಒಂದು ಪಾಲು ಮಾದರಿಗೆ ಐದು ಪಾಲು ನೀರು ಎಂದೂ ಆಗುತ್ತದೆ. ಮೊದಲನೆಯದಾದರೆ ಉತ್ತರವನ್ನು 5ರಿಂದ ಗುಣಿಸಬೇಕು, ಎರಡನೆಯದಾದರೆ 6ರಿಂದ. ಫ್ಲಾಸ್ಕ್ 3ರ ಲೆಕ್ಕ ಹಾಕಿ: 0.310ರಿಂದ ಬ್ಲ್ಯಾಂಕ್ 0.004 ಕಳೆದರೆ 0.306, ಅದನ್ನು 0.607ರಿಂದ ಭಾಗಿಸಿದರೆ 0.504. ಐದರಿಂದ ಗುಣಿಸಿದರೆ ಲೀಟರಿಗೆ 2.5 ಮಿಲಿಗ್ರಾಂ, ಆರರಿಂದ ಗುಣಿಸಿದರೆ 3.0. ಎರಡು ಚುಕ್ಕಿಗಳ ಒಂದು ಗುರುತು ನದಿಯ ಫಾಸ್ಫೇಟನ್ನು ಐದರಲ್ಲೊಂದು ಭಾಗ ಏರಿಸಿಬಿಟ್ಟಿತು. '10 ಮಿ.ಲೀ., ಒಟ್ಟು 50 ಮಿ.ಲೀ.' ಎಂದು ಕೈ ಮಾಡಿದ್ದನ್ನೇ ಬರೆದರೆ ಈ ಪ್ರಶ್ನೆಯೇ ಏಳುವುದಿಲ್ಲ. ಗುಣಿಸುವ ಲೆಕ್ಕವನ್ನು ಎಂದು ಬೇಕಾದರೂ ಮಾಡಿಕೊಳ್ಳಬಹುದು, ಪಿಪೆಟ್ಟಿನಲ್ಲಿ ಎಷ್ಟು ಎಳೆದೆವು ಎಂಬುದನ್ನು ಎಂದು ಬೇಕಾದರೂ ನೆನಪಿಸಿಕೊಳ್ಳಲಾಗದು.

ಈಗ ಫ್ಲಾಸ್ಕ್ 7. ಒಂದೇ ನೀರಿನ ಎರಡು ಅಳತೆಗಳಲ್ಲಿ ಒಂದು 0.310, ಇನ್ನೊಂದು 0.452. ಆ ಸಾಲು, 'ಪಕ್ಕದ ಬೆಂಚಿನದು, ಆಮ್ಲದಲ್ಲಿ ತೊಳೆದಿಲ್ಲ', ಇಲ್ಲದಿದ್ದರೆ ಏನಾಗುತ್ತಿತ್ತು? ಏಪ್ರಿಲ್‌ನಲ್ಲಿ ಎರಡು ದಾರಿ ಉಳಿಯುತ್ತಿದ್ದವು. ಎರಡರ ಸರಾಸರಿ ತೆಗೆದು ಲೀಟರಿಗೆ 3.1 ಮಿಲಿಗ್ರಾಂ ಎಂದು ಬರೆಯುವುದು, ಇಲ್ಲವೇ 'ಸರಿಯಾಗಿ ಕಾಣುವ' ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವುದು. ಮೊದಲನೆಯದು ತಪ್ಪು ಉತ್ತರ. ಎರಡನೆಯದರಲ್ಲಿ ಉತ್ತರ ಸರಿ ಬಂದರೂ ಅದನ್ನು ಆರಿಸಿದ ಕಾರಣ ಮನಸ್ಸಿನ ಒಲವು ಮಾತ್ರ.

ಫಾಸ್ಫೇಟ್ ಅಳೆಯುವವರಿಗೆ ಗಾಜು ತೊಳೆಯುವುದೇ ಅರ್ಧ ಕೆಲಸ. ಫಾಸ್ಫೇಟ್ ಇರುವ ಡಿಟರ್ಜೆಂಟ್‌ನಿಂದ ತೊಳೆದ ಪಾತ್ರೆಯ ಗೋಡೆಗೆ ಅದು ಅಂಟಿ ಉಳಿಯುತ್ತದೆ, ನೀರಿನಲ್ಲಿ ಜಾಲಿಸಿದರೆ ಪೂರ್ತಿ ಹೋಗುವುದಿಲ್ಲ. ಅದಕ್ಕೇ ಬಿಸಿ ಮಾಡಿದ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು, ಡಿಸ್ಟಿಲ್ಡ್ ವಾಟರ್‌ನಲ್ಲಿ ಹಲವು ಸಲ ಜಾಲಿಸಿ, ಆ ಪಾತ್ರೆಗಳನ್ನು ಈ ಕೆಲಸಕ್ಕೆಂದೇ ಬೇರೆ ಇಡುತ್ತಾರೆ. ಸಂಶಯ ಸರಿಯೇ ಎಂದು ನೋಡುವ ದಾರಿಯೂ ಸುಲಭ. ಫ್ಲಾಸ್ಕ್ 7ನ್ನು ಮತ್ತೆ ಪರೀಕ್ಷಿಸಿ ಪ್ರಯೋಜನವಿಲ್ಲ, ಅದರಲ್ಲಿದ್ದದ್ದು ಮೊದಲ ಬಳಕೆಯಲ್ಲೇ ಹೊರಬಂದಿರುತ್ತದೆ. ಅದೇ ಬೆಂಚಿನಿಂದ, ಅದೇ ರೀತಿ ತೊಳೆದ ಇನ್ನೆರಡು ಫ್ಲಾಸ್ಕ್ ತಂದು, ನದಿ ನೀರಿನ ಬದಲು ಬರೀ ಡಿಸ್ಟಿಲ್ಡ್ ವಾಟರ್ ಹಾಕಿ ಓದಬೇಕು. ಜೊತೆಗೆ ನಮ್ಮ ಆಮ್ಲ ತೊಳೆದ ಫ್ಲಾಸ್ಕ್ ಒಂದು. ಕಾರಕಕ್ಕೆ ಇನ್ನೂ ಎರಡು ಗಂಟೆ ಆಯುಸ್ಸಿದೆ. ಪುಟ ಮುಂದುವರಿಯುತ್ತದೆ:

12:35 — ಪಕ್ಕದ ಬೆಂಚಿನ ಎರಡು ಫ್ಲಾಸ್ಕ್, ಬರೀ ಡಿಸ್ಟಿಲ್ಡ್ ವಾಟರ್ 50 ಮಿ.ಲೀ. + ಕಾರಕ 8 ಮಿ.ಲೀ. ನಮ್ಮ ಫ್ಲಾಸ್ಕ್ 2ರಲ್ಲೂ ಹಾಗೆಯೇ. ಫ್ಲಾಸ್ಕ್ 5ರಲ್ಲಿ 41-1 ಮತ್ತೊಮ್ಮೆ, 10ರಿಂದ 50ಕ್ಕೆ.
12:50 — ಪಕ್ಕದ ಬೆಂಚು: 0.118, 0.151. ಫ್ಲಾಸ್ಕ್ 2: 0.005. ಫ್ಲಾಸ್ಕ್ 5 (ಮಾದರಿ): 0.313.
ಫ್ಲಾಸ್ಕ್ 7ರ ರೀಡಿಂಗ್ ಲೆಕ್ಕಕ್ಕೆ ಸೇರಿಸುವುದಿಲ್ಲ. ಕಾರಣ: ಆಮ್ಲದಲ್ಲಿ ತೊಳೆಯದ ಗಾಜು. ಅಂಕಿಯನ್ನು ಅಳಿಸಿಲ್ಲ.

ಬರೀ ನೀರಿಗೇ ಸುಮಾರು 0.12ರಿಂದ 0.15 ನೀಲಿ ಬಂತು. 0.310ಕ್ಕೂ 0.452ಕ್ಕೂ ಇದ್ದ ಅಂತರ 0.142. ಒಂದಕ್ಕೊಂದು ಹೊಂದುತ್ತದೆ. ಕೈಬಿಟ್ಟ ಅಂಕಿ ಒಂದೇ ಅಡ್ಡಗೆರೆಯ ಕೆಳಗೆ ಓದುವಂತೆ ಉಳಿದಿದೆ, ಕಾರಣ ಅದೇ ದಿನ ಅದೇ ಪುಟದಲ್ಲಿದೆ, ಅದನ್ನು ಬರೆದದ್ದು ಅಂತಿಮ ಉತ್ತರ ಎಷ್ಟು ಬರುತ್ತದೆ ಎಂದು ತಿಳಿಯುವ ಮೊದಲು. ಈ ಕೊನೆಯ ವಿಷಯವನ್ನು ನಾನು ಬಹಳ ಗಟ್ಟಿಯಾಗಿ ಹಿಡಿಯುತ್ತೇನೆ.

ಹಿಡಿಯಲು ಕಾರಣ ರಾಬರ್ಟ್ ಮಿಲಿಕನ್. ಎಣ್ಣೆ ಹನಿಗಳನ್ನು ವಿದ್ಯುತ್ ಕ್ಷೇತ್ರದಲ್ಲಿ ತೇಲಿಸಿ ಎಲೆಕ್ಟ್ರಾನಿನ ಆವೇಶವನ್ನು ಅಳೆದ ಅಮೆರಿಕದ ಈ ಭೌತವಿಜ್ಞಾನಿಯ 1913ರ ಪ್ರಬಂಧದಲ್ಲಿ 58 ಹನಿಗಳ ಪಟ್ಟಿಯಿದೆ. ಆರಿಸಿದ ಹನಿಗಳಲ್ಲ, ಆ ಅವಧಿಯಲ್ಲಿ ಪ್ರಯೋಗಿಸಿದ ಎಲ್ಲ ಹನಿಗಳೂ ಇವೇ ಎಂದು ಅವರು ಅದರಲ್ಲಿ ಹೇಳಿಕೊಂಡರು. ಅವರ ನೋಟ್‌ಬುಕ್ಕುಗಳು ಕ್ಯಾಲ್ಟೆಕ್‌ನ ಸಂಗ್ರಹದಲ್ಲಿ ಉಳಿದಿದ್ದವು. 1970ರ ದಶಕದಲ್ಲಿ ವಿಜ್ಞಾನದ ಇತಿಹಾಸಕಾರ ಜೆರಾಲ್ಡ್ ಹೋಲ್ಟನ್ ಅವನ್ನು ತೆರೆದು ಎಣಿಸಿದಾಗ ಹನಿಗಳು 140ರಷ್ಟಿದ್ದವು. ಕೆಲವು ಹನಿಗಳನ್ನು ಉಪಕರಣ ಸರಿಹೋಗುವ ಮೊದಲು ಅಳೆದದ್ದು, ಕೆಲವಕ್ಕೆ ಲೆಕ್ಕವೇ ಮುಗಿಸಿಲ್ಲ. ಕೆಲವನ್ನು ಉತ್ತರ ಬಂದ ಮೇಲೆ ಬಿಟ್ಟಂತೆ ಕಾಣುತ್ತದೆ. ಬಿಟ್ಟ ಹನಿಗಳನ್ನು ಸೇರಿಸಿ ಮತ್ತೆ ಲೆಕ್ಕ ಹಾಕಿದವರಿಗೆ ಆವೇಶದ ಮೌಲ್ಯ ಹೆಚ್ಚೇನೂ ಬದಲಾಗಲಿಲ್ಲ. ಆದರೂ ಅದು ವಂಚನೆಯೇ, ಅನುಭವಿಯ ವಿವೇಚನೆಯೇ ಎಂಬ ವಾದ ಇಂದಿಗೂ ನಿಂತಿಲ್ಲ. ಬಿಟ್ಟ ಪ್ರತಿ ಹನಿಯ ಪಕ್ಕದಲ್ಲೂ ಅಂದೇ ಬರೆದ ಒಂದು ಕಾರಣವಿದ್ದು, ಪ್ರಬಂಧದಲ್ಲಿ ಇಷ್ಟು ಹನಿ ಬಿಟ್ಟೆ ಎಂಬ ಒಂದು ಸಾಲು ಇದ್ದಿದ್ದರೆ ವಾದಕ್ಕೆ ಜಾಗವಿರುತ್ತಿರಲಿಲ್ಲ. ಮಿಲಿಕನ್ ನೋಟ್‌ಬುಕ್ಕುಗಳನ್ನು ಸುಟ್ಟುಹಾಕಲಿಲ್ಲ, ಹಾಳೆ ಕೀಳಲಿಲ್ಲ ಎಂಬುದನ್ನೂ ಇಲ್ಲಿ ಗೌರವದಿಂದ ನೆನೆಯಬೇಕು.

ತಾರೀಕಿಗೆ ಕಾನೂನಿನ ಬೆಲೆಯೂ ಇದೆ, ಪುಣೆಯಂಥ ಊರಿನ ಔಷಧ, ರಸಾಯನ ಪ್ರಯೋಗಾಲಯಗಳಿಗೆ ಇದು ಹತ್ತಿರದ ವಿಷಯ. ಅಮೆರಿಕದಲ್ಲಿ ಬಹಳ ಕಾಲ ಪೇಟೆಂಟ್ ಸಿಗುತ್ತಿದ್ದದ್ದು ಮೊದಲು ಅರ್ಜಿ ಹಾಕಿದವರಿಗಲ್ಲ, ಮೊದಲು ಕಂಡುಹಿಡಿದವರಿಗೆ. ಯಾರು ಮೊದಲು ಎಂದು ತೀರ್ಮಾನಿಸಲು ನೋಟ್‌ಬುಕ್ಕಿನ ತಾರೀಕು ಮತ್ತು ಸಾಕ್ಷಿಯ ಸಹಿ ನೋಡುತ್ತಿದ್ದರು. 1996ರವರೆಗೆ ಭಾರತದ ಪುಟಗಳಿಗೆ ಅಲ್ಲಿ ಆ ಮಾನ್ಯತೆ ಇರಲಿಲ್ಲ, ವಿಶ್ವ ವ್ಯಾಪಾರ ಒಪ್ಪಂದದ ನಂತರ ಬಂತು. 2013ರ ಮಾರ್ಚ್‌ನಿಂದ ಅಮೆರಿಕವೂ ಮೊದಲು ಅರ್ಜಿ ಹಾಕಿದವರಿಗೆ ಎಂಬ ಪದ್ಧತಿಗೆ ಬಂದಿತು. ಪುಟದ ಕೆಳಗೆ 'ಓದಿ ಅರ್ಥಮಾಡಿಕೊಂಡಿದ್ದೇನೆ' ಎಂಬ ಸಹಿಯ ಜಾಗ ಮಾತ್ರ ಕೆಲವು ಕಡೆ ಇನ್ನೂ ಉಳಿದುಕೊಂಡಿದೆ. ಇರಲಿ ಎಂದೇ ನಾನು ಹೇಳುತ್ತೇನೆ. ಇನ್ನೊಬ್ಬರು ಓದಿ ಅರ್ಥವಾಗಲಿಲ್ಲ ಎಂದ ಸಾಲನ್ನು ಅದೇ ವಾರ ತಿದ್ದಬಹುದು.

ಈಗಿನ ರೀಡಿಂಗ್‌ಗಳು ಹೆಚ್ಚಾಗಿ ಉಪಕರಣದ ಕಂಪ್ಯೂಟರಿನಲ್ಲೇ ಉಳಿಯುತ್ತವೆ. 'ನ್ಯೂ', 'ಫೈನಲ್', 'ಫೈನಲ್ 2' ಎಂಬ ಹೆಸರಿನ ಫೈಲುಗಳಲ್ಲಿ ಎಷ್ಟೋ ಪ್ರಾಜೆಕ್ಟುಗಳು ಹೂತುಹೋಗಿರುವುದನ್ನು ಕಂಡಿದ್ದೇನೆ. ಫೈಲಿನ ಹೆಸರಿನಲ್ಲಿ ತಾರೀಕು ಮತ್ತು ಪುಟಸಂಖ್ಯೆ ಇರಲಿ, ವರ್ಷ ಮೊದಲು ಬರಲಿ. ಆಗ ಕಂಪ್ಯೂಟರ್ ತಾನೇ ಅವನ್ನು ದಿನದ ಕ್ರಮದಲ್ಲಿ ಜೋಡಿಸುತ್ತದೆ:

```
2023-01-12_p41_standards.csv
2023-01-12_p41_sangam.csv
```

ಪುಟ 41ರಲ್ಲೂ ಇದೇ ಹೆಸರನ್ನು ಬರೆದರೆ ಪುಟದಿಂದ ಫೈಲಿಗೆ, ಫೈಲಿನಿಂದ ಪುಟಕ್ಕೆ ಹೋಗಲು ದಾರಿಯಾಗುತ್ತದೆ. ಮಾದರಿಯ ಶೀಷೆಗೆ '41-1' ಎಂದು ಹೆಸರಿಟ್ಟದ್ದೂ ಇದಕ್ಕೇ. ಫ್ರಿಜ್ಜಿನ ಮೂಲೆಯಲ್ಲಿ ಆರು ತಿಂಗಳ ನಂತರ ಸಿಕ್ಕ ಶೀಷೆ ತನ್ನ ಪುಟ ಯಾವುದೆಂದು ತಾನೇ ಹೇಳುತ್ತದೆ. ಮೇಲೆ 'ಸಂಗಮ' ಎಂದಷ್ಟೇ ಇದ್ದರೆ ಆರು ಸಂಗಮಗಳಲ್ಲಿ ಇದು ಯಾವುದು?

ಇನ್ನು ವರದಿ. ಪುಟ 41 ಎದುರಿಗಿದ್ದರೆ ವಿಧಾನದ ಭಾಗವನ್ನು ಹೊಸದಾಗಿ ಯೋಚಿಸಿ ಬರೆಯಬೇಕಿಲ್ಲ. ಗಡಿಯಾರದ ಸಾಲುಗಳನ್ನು ಮೇಲಿನಿಂದ ಕೆಳಗೆ ವಾಕ್ಯಗಳಾಗಿ ಜೋಡಿಸಿದರೆ ಆಯಿತು. ಉದ್ದೇಶದ ಸಾಲು ಪೀಠಿಕೆಯ ಕೊನೆಯ ವಾಕ್ಯವಾಗುತ್ತದೆ. ಕೆಳಗಿನದು ನಾನು ಆ ಪುಟದಿಂದ ಹತ್ತು ನಿಮಿಷದಲ್ಲಿ ಬರೆದದ್ದು:

'ಸಂಗಮದ ಎಡದಂಡೆಯಲ್ಲಿ 12 ಜನವರಿ 2023ರಂದು ಬೆಳಿಗ್ಗೆ 7:15ಕ್ಕೆ ಸಂಗ್ರಹಿಸಿದ ನೀರನ್ನು ಐಸ್‌ನಲ್ಲಿ ತಂದು, ಎರಡು ಗಂಟೆಯೊಳಗೆ 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಲಾಯಿತು. 10 ಮಿ.ಲೀ. ಮಾದರಿಯನ್ನು ಒಟ್ಟು 50 ಮಿ.ಲೀ.ಗೆ ತೆಳುಗೊಳಿಸಿ 8 ಮಿ.ಲೀ. ಮಿಶ್ರ ಕಾರಕ ಸೇರಿಸಿ, ಸುಮಾರು 15 ನಿಮಿಷದ ನಂತರ 880 ನ್ಯಾನೋಮೀಟರ್‌ನಲ್ಲಿ ಓದಲಾಯಿತು. ಮೂರು ಅಳತೆಗಳಲ್ಲಿ ಒಂದನ್ನು, ಆಮ್ಲದಲ್ಲಿ ತೊಳೆಯದ ಫ್ಲಾಸ್ಕ್ ಬಳಸಿದ್ದರಿಂದ ಕೈಬಿಡಲಾಗಿದೆ. ಅದೇ ರೀತಿಯ ಫ್ಲಾಸ್ಕ್‌ಗಳಲ್ಲಿ ಡಿಸ್ಟಿಲ್ಡ್ ವಾಟರ್‌ಗೂ 0.118 ಮತ್ತು 0.151 ರೀಡಿಂಗ್ ಬಂದಿತು. ಉಳಿದ ಎರಡರ ಸರಾಸರಿ ಲೀಟರಿಗೆ 2.5 ಮಿ.ಗ್ರಾಂ ರಂಜಕ.'

ಇದರಲ್ಲಿ ಪುಟದಲ್ಲಿಲ್ಲದ ಒಂದು ಅಂಕಿಯೂ ಇಲ್ಲ, ವಿಧಾನದಿಂದ ಬಂದ 880 ಮತ್ತು ಸರಾಸರಿಯನ್ನು ಬಿಟ್ಟು. ನೊರೆ, ಬೂದು ಬಣ್ಣ ಇಲ್ಲಿ ಬರಲಿಲ್ಲ. ಚರ್ಚೆಯ ಭಾಗದಲ್ಲಿ ಬೇರೆ ದಿನಗಳಿಗಿಂತ ಈ ದಿನ ಯಾಕೆ ಹೆಚ್ಚು ಎಂದು ಬರೆಯುವಾಗ ಬರುತ್ತವೆ. ಆ ಬೆಳಿಗ್ಗೆ ನೊರೆ ಕಂಡದ್ದು ಡಿಟರ್ಜೆಂಟಿನ ಕಡೆ ಬೆರಳು ಮಾಡುತ್ತದೆ, ಅದೇ ಪೂರ್ತಿ ಕಾರಣ ಎಂದು ಹೇಳಲು ಮಾತ್ರ ಒಂದು ದಿನದ ನೊರೆ ಸಾಲದು. ಕಂಡದ್ದನ್ನು ಒಂದು ಸಾಲಿನಲ್ಲಿ, ಅನ್ನಿಸಿದ್ದನ್ನು ಇನ್ನೊಂದು ಸಾಲಿನಲ್ಲಿ ಪ್ರಶ್ನೆಯಾಗಿ ಬರೆದಿಟ್ಟರೆ, ವರದಿ ಬರೆಯುವಾಗ ಯಾವುದನ್ನು ಎಷ್ಟು ಜೋರಾಗಿ ಹೇಳಬಹುದು ಎಂಬ ಅಂದಾಜು ತಾನಾಗಿ ಸಿಗುತ್ತದೆ.

ನನ್ನ ವರದಿ ಆ ಏಪ್ರಿಲ್‌ನಲ್ಲಿ ಹೇಗೋ ಮುಗಿಯಿತು, ಆರು ದಿನದ ಬದಲು ಒಂದು ದಿನದ ಜನವರಿಯೊಂದಿಗೆ. ಮೌಖಿಕ ಪರೀಕ್ಷೆಗೆ ಬಂದವರು ಉಳಿದ ಐದು ದಿನ ಎಲ್ಲಿ ಎಂದು ಕೇಳಿದರು. ನೋಟ್‌ಬುಕ್ ತೆರೆದು 'ನಿನ್ನೆಯಂತೆಯೇ' ಎಂಬ ಸಾಲನ್ನು ತೋರಿಸಿ, ಇದು ಯಾವ ವಿಧಾನ ಎಂದು ನನಗೇ ಗೊತ್ತಿಲ್ಲ, ಅದಕ್ಕೆ ಸೇರಿಸಲಿಲ್ಲ ಎಂದೆ. ಅವರು ಪುಟವನ್ನು ಸ್ವಲ್ಪ ಹೊತ್ತು ನೋಡಿ, ಮಗುಚಿ, ಮುಂದಿನ ಪ್ರಶ್ನೆ ಕೇಳಿದರು. ಹೊರಗೆ ಬಂದಾಗ ಕಾಕಾ ಒಂದು ಹೊಸ ರಟ್ಟಿನ ಪುಸ್ತಕ ಕೈಗಿತ್ತರು. ಒಳಗೆ ಪ್ರತಿ ಹಾಳೆಯ ಮೂಲೆಯಲ್ಲೂ ಅವರದೇ ದುಂಡು ಅಕ್ಷರದಲ್ಲಿ, ಒಂದರಿಂದ ಇನ್ನೂರರವರೆಗೆ, ಪುಟಸಂಖ್ಯೆ ಬರೆದಿತ್ತು.